ಪೇಪರನ್ನು ಸೈಟ್ ಮಾಡುವ ಮೊದಲು: ಅದು ವಾಪಸ್ ಆಗಿದೆಯೇ ಎಂದು ನೋಡುವುದು ಹೇಗೆ?

2020ರ ಮೇ 22ರಂದು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಒಂದು ಪೇಪರ್ ಬಂತು. ಆರು ಖಂಡಗಳ 671 ಆಸ್ಪತ್ರೆಗಳು, 96,032 ಕೋವಿಡ್ ರೋಗಿಗಳು. ಹೈಡ್ರಾಕ್ಸಿಕ್ಲೋರೋಕ್ವಿನ್ ತೆಗೆದುಕೊಂಡವರಲ್ಲಿ ಸಾವು ಜಾಸ್ತಿ, ಹೃದಯದ ಬಡಿತ ಏರುಪೇರಾಗುವುದೂ ಜಾಸ್ತಿ ಎಂದು ಅದು ಹೇಳಿತು. ಆರೋಗ್ಯ ಸಿಬ್ಬಂದಿ ಮುನ್ನೆಚ್ಚರಿಕೆಗಾಗಿ ಈ ಮಾತ್ರೆ ತೆಗೆದುಕೊಳ್ಳಬಹುದು ಎಂದು ನಮ್ಮ ಐಸಿಎಂಆರ್ ಮಾರ್ಚ್‌ನಲ್ಲೇ ಹೇಳಿತ್ತು, ಹಾಗಾಗಿ ಇಲ್ಲೂ ಸುದ್ದಿ ಜೋರಾಯಿತು. ಮೂರೇ ದಿನಕ್ಕೆ ವಿಶ್ವ ಆರೋಗ್ಯ ಸಂಸ್ಥೆ ತನ್ನ ದೊಡ್ಡ ಪ್ರಯೋಗದಲ್ಲಿ ಈ ಔಷಧದ ಭಾಗವನ್ನು ತಾತ್ಕಾಲಿಕವಾಗಿ ನಿಲ್ಲಿಸಿತು.

ಮೇ ಮುಗಿಯುವಷ್ಟರಲ್ಲಿ ಪೇಪರಿಗೆ ಒಂದು ತಿದ್ದುಪಡಿ ಬಂತು. ಜೂನ್ ಶುರುವಿನಲ್ಲಿ ‘ಎಕ್ಸ್‌ಪ್ರೆಶನ್ ಆಫ್ ಕನ್ಸರ್ನ್’ ಬಂತು. ಅಂದರೆ, ಈ ಪೇಪರಿನ ಮೇಲೆ ಗಂಭೀರ ಪ್ರಶ್ನೆಗಳಿವೆ, ವಿಚಾರಣೆ ನಡೆಯುತ್ತಿದೆ, ಹುಷಾರಾಗಿ ಓದಿ ಎಂದು ಸಂಪಾದಕರು ಹಾಕುವ ನೋಟೀಸು. ಜೂನ್ 4ಕ್ಕೆ ಪೇಪರೇ ವಾಪಸ್, ಅಂದರೆ ‘ರಿಟ್ರಾಕ್ಷನ್’: ಇದನ್ನು ಇನ್ನು ನಂಬಬೇಡಿ ಎಂಬ ನೋಟೀಸು. ಎರಡು ವಾರದೊಳಗೆ ಮೂರೂ ಬಗೆಯ ನೋಟೀಸು ಒಂದೇ ಪೇಪರಿಗೆ ಬಿದ್ದದ್ದರಿಂದ ಪರೀಕ್ಷೆ ಮಾಡಿ ಕಲಿಯಲು ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಕೆಳಗಿನ ಹಂತಗಳನ್ನೆಲ್ಲ ಇದರ ಮೇಲೆಯೇ ಮಾಡಿ ನೋಡೋಣ. ಬ್ರೌಸರ್ ತೆರೆದಿಟ್ಟುಕೊಂಡು ಓದಿ.

ಇಷ್ಟು ಗದ್ದಲವಾದ ಪೇಪರನ್ನು ಆಮೇಲೆ ಯಾರು ಸೈಟ್ ಮಾಡುತ್ತಾರೆ ಅನ್ನಿಸಬಹುದು. ಲ್ಯಾನ್ಸೆಟ್ ಪೇಪರಿಗೆ ಡೇಟಾ ಕೊಟ್ಟದ್ದು ಸರ್ಜಿಸ್ಫಿಯರ್ ಎಂಬ ಕಂಪನಿ. ಅದೇ ಕಂಪನಿಯ ಡೇಟಾ ಇಟ್ಟುಕೊಂಡು ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂದ ಇನ್ನೊಂದು ಪೇಪರ್ ಕೂಡ ಅದೇ ದಿನ ವಾಪಸ್ ಆಗಿತ್ತು. ಈ ಎರಡನ್ನು ಸೈಟ್ ಮಾಡಿದ 200 ಲೇಖನಗಳನ್ನು ಸೈನ್ಸ್ ಪತ್ರಿಕೆ ತೆಗೆದು ನೋಡಿತು. ಅರ್ಧಕ್ಕಿಂತ ಹೆಚ್ಚು ಲೇಖನಗಳು, ವಾಪಸಾತಿಯ ಮಾತೇ ಎತ್ತದೆ, ತಮ್ಮ ವಾದಕ್ಕೆ ಆಧಾರವಾಗಿ ಅವನ್ನು ಬಳಸಿದ್ದವು.

ಮೊದಲು ಡಿಒಐ, ಆಮೇಲೆ ಉಳಿದದ್ದು

ನಿಮ್ಮ ಲ್ಯಾಪ್‌ಟಾಪಿನಲ್ಲಿ ಇಳಿಸಿಟ್ಟುಕೊಂಡಿರುವ ಪಿಡಿಎಫ್ ನಿಮಗೆ ಏನೂ ಹೇಳುವುದಿಲ್ಲ. ಅದು ನೀವು ಇಳಿಸಿಕೊಂಡ ದಿನ ಹೇಗಿತ್ತೋ ಇವತ್ತೂ ಹಾಗೇ ಇರುತ್ತದೆ. ಪ್ರಕಾಶಕರು ಪ್ರತಿ ಪುಟದ ಮೇಲೆ ಕೆಂಪಗೆ ‘RETRACTED’ ಎಂದು ಮುದ್ರೆ ಒತ್ತುವುದು ಅವರ ಜಾಲತಾಣದ ಪ್ರತಿಯ ಮೇಲೆ ಮಾತ್ರ. ವಾಟ್ಸಾಪಿನಲ್ಲಿ ಗೆಳೆಯರು ಕಳಿಸಿದ ಪ್ರತಿ, ಯಾವುದೋ ವಿಶ್ವವಿದ್ಯಾಲಯದ ಸಂಗ್ರಹದಲ್ಲಿರುವ ಪ್ರತಿ, ಲೇಖಕರು ತಮ್ಮ ಪುಟಕ್ಕೆ ಏರಿಸಿದ ಪ್ರತಿ, ಇವಕ್ಕೆಲ್ಲ ಆ ಮುದ್ರೆ ತಾನಾಗಿ ಹೋಗಿ ಬೀಳುವುದಿಲ್ಲ. ಹುಡುಕಾಟದ ಫಲಿತಾಂಶದಲ್ಲಿ ಪೇಪರಿನ ಹೆಸರಿನ ಪಕ್ಕ ಏನೂ ಕಾಣಲಿಲ್ಲ ಎಂಬುದೂ ಲೆಕ್ಕಕ್ಕಿಲ್ಲ.

ಆದ್ದರಿಂದ ಪೇಪರಿನ ಡಿಒಐ, ಅಂದರೆ ಅದಕ್ಕೆ ಕೊಟ್ಟಿರುವ ಶಾಶ್ವತ ಗುರುತಿನ ಸಂಖ್ಯೆ, ಹಿಡಿದುಕೊಳ್ಳಿ. ನಮ್ಮ ಪೇಪರಿನದು ಇದು:

```
10.1016/S0140-6736(20)31180-6
```

ಇದರ ಆರಂಭದಲ್ಲಿ `https://doi.org/` ಸೇರಿಸಿ ತೆರೆದರೆ ಪ್ರಕಾಶಕರ ಪುಟಕ್ಕೇ ಹೋಗುತ್ತೀರಿ. ಅಲ್ಲಿ ಮೂರು ಕಡೆ ಕಣ್ಣಾಡಿಸಿ. ಒಂದು, ಶೀರ್ಷಿಕೆ. ವಾಪಸಾದ ಪೇಪರಿನ ಶೀರ್ಷಿಕೆಯ ಆರಂಭದಲ್ಲಿ ಸಾಮಾನ್ಯವಾಗಿ `RETRACTED:` ಎಂದು ಸೇರಿಸಿರುತ್ತಾರೆ. ಎರಡು, ಶೀರ್ಷಿಕೆಯ ಹತ್ತಿರ ಅಥವಾ ಪಕ್ಕದ ಪಟ್ಟಿಯಲ್ಲಿರುವ ಸಂಬಂಧಿತ ಲೇಖನಗಳ ಕೊಂಡಿಗಳು. ತಿದ್ದುಪಡಿ ಮತ್ತು ಕನ್ಸರ್ನ್ ನೋಟೀಸು ಬಹಳ ಸಲ ಇಲ್ಲೇ ಸದ್ದಿಲ್ಲದೆ ಕೂತಿರುತ್ತವೆ, ಶೀರ್ಷಿಕೆಯಲ್ಲಿ ಏನೂ ಇರುವುದಿಲ್ಲ. ಮೂರು, `Check for updates` ಎಂಬ ಗುಂಡಿ. ಇದು ಕ್ರಾಸ್‌ಮಾರ್ಕ್. ಡಿಒಐ ನೋಂದಾಯಿಸುವ ಕ್ರಾಸ್‌ರೆಫ್ ಸಂಸ್ಥೆ 2012ರಲ್ಲಿ ಶುರು ಮಾಡಿದ್ದು. ಒತ್ತಿದರೆ ಪೇಪರಿನ ಈಗಿನ ಸ್ಥಿತಿ ತೋರಿಸುತ್ತದೆ. ಪಿಡಿಎಫ್ ಒಳಗೂ ಈ ಗುಂಡಿ ಇದ್ದರೆ, ನೆಟ್ ಇರುವಾಗ ಒತ್ತಿ ನೋಡಬಹುದು. ಹಳೆಯ ಪಿಡಿಎಫ್ ಇವತ್ತಿನ ಸುದ್ದಿ ಹೇಳುವ ದಾರಿ ಇದೊಂದೇ.

ಕ್ರಾಸ್‌ಮಾರ್ಕ್‌ಗೂ ಮಿತಿಯಿದೆ. ಎಲ್ಲ ಪ್ರಕಾಶಕರೂ ಇದನ್ನು ಹಾಕಿಲ್ಲ. ಹಾಕಿದವರೂ ಸುದ್ದಿಯನ್ನು ತಾವೇ ಕ್ರಾಸ್‌ರೆಫ್‌ಗೆ ತಲುಪಿಸಬೇಕು. ಅವರು ತಲುಪಿಸದಿದ್ದರೆ ಗುಂಡಿ ಒತ್ತಿದಾಗ ಎಲ್ಲ ಸರಿಯಿದೆ ಎಂದೇ ಕಾಣುತ್ತದೆ. ಅದಕ್ಕೇ ಒಂದು ಕಡೆ ನೋಡಿ ನಿಲ್ಲಬಾರದು.

ವೈದ್ಯಕೀಯವೋ ಜೀವವಿಜ್ಞಾನವೋ ಆದರೆ ಪಬ್‌ಮೆಡ್

ವೈದ್ಯಕೀಯ ಪತ್ರಿಕೆಗಳ ಸಂಪಾದಕರ ಅಂತರರಾಷ್ಟ್ರೀಯ ಸಮಿತಿಯ ನಿಯಮದಲ್ಲಿ, ವಾಪಸಾತಿಯ ಬಗ್ಗೆಯೇ ಬರೆಯುವ ಸಂದರ್ಭ ಬಿಟ್ಟರೆ, ವಾಪಸಾದ ಪೇಪರ್ ಉಲ್ಲೇಖ ಪಟ್ಟಿಯಲ್ಲಿ ಇಲ್ಲ ಎಂದು ನೋಡಿಕೊಳ್ಳುವುದು ಲೇಖಕರ ಹೊಣೆ. ಪಬ್‌ಮೆಡ್ ಎಂದರೆ ವೈದ್ಯಕೀಯ ಪೇಪರುಗಳನ್ನು ಹುಡುಕುವ ಉಚಿತ ತಾಣ, ಅದರ ಮುಖ್ಯ ಪಟ್ಟಿಯೇ ಮೆಡ್‌ಲೈನ್. ಮೆಡ್‌ಲೈನ್‌ನಲ್ಲಿ ಸೇರಿದ ಪತ್ರಿಕೆಗಳ ಮಟ್ಟಿಗೆ ಪಬ್‌ಮೆಡ್ ಹೇಳಿದ್ದನ್ನೇ ಆ ಸಮಿತಿ ಅಧಿಕೃತ ಎಂದು ಹಿಡಿಯುತ್ತದೆ.

ಪಬ್‌ಮೆಡ್‌ನಲ್ಲಿ ನಮ್ಮ ಪೇಪರಿನ ಸಂಖ್ಯೆ 32450107. ಹುಡುಕು ಪೆಟ್ಟಿಗೆಗೆ ಹಾಕಿ. ಪೇಪರ್ ವಾಪಸಾಗಿದೆ ಎಂಬುದು ಪುಟದ ಮೇಲ್ಭಾಗದಲ್ಲೇ ಕಾಣುತ್ತದೆ, ನೋಟೀಸುಗಳಿಗೆ ಕೊಂಡಿಯೂ ಇರುತ್ತದೆ. `Retraction in`, `Expression of concern in`, `Erratum in` ಎಂಬ ಪದಗಳನ್ನು ಹುಡುಕಿ. ನಿಮಗೆ ಬೇಕಾದ್ದು ಇವೇ.

ಒಂದೊಂದಾಗಿ ನೋಡಲು ಬೇಜಾರಾದರೆ ಹಲವು ಪೇಪರುಗಳನ್ನು ಒಟ್ಟಿಗೆ ಕೇಳಬಹುದು:

```
(32450107[pmid] OR 32356626[pmid]) AND "Retracted Publication"[pt]
```

ಇಲ್ಲಿರುವ ಎರಡನೇ ಸಂಖ್ಯೆ ಆ ನ್ಯೂ ಇಂಗ್ಲೆಂಡ್ ಜರ್ನಲ್ ಪೇಪರಿನದು. ನಿಮ್ಮ ಪಟ್ಟಿಯ ಸಂಖ್ಯೆಗಳನ್ನೆಲ್ಲ ಹೀಗೇ ಪೋಣಿಸಿದರೆ ವಾಪಸಾದವು ಮಾತ್ರ ಮೇಲೆ ಬರುತ್ತವೆ.

ಇಲ್ಲಿ ಬಹಳ ಜನ ಎಡವುವ ಜಾಗ ಒಂದಿದೆ. `"Retracted Publication"` ಎಂಬ ಗುರುತು ಮೂಲ ಪೇಪರಿಗೇ ಅಂಟಿರುತ್ತದೆ. ಆದರೆ `"Expression of Concern"` ಮತ್ತು `"Published Erratum"` ಎಂಬ ಗುರುತುಗಳು ಅಂಟಿರುವುದು ನೋಟೀಸಿಗೆ, ಮೂಲ ಪೇಪರಿಗಲ್ಲ. ಹಾಗಾಗಿ ಮೇಲಿನ ಸಾಲಿನಲ್ಲಿ ಗುರುತನ್ನು ಮಾತ್ರ ಬದಲಿಸಿ ಹುಡುಕಿದರೆ ಸೊನ್ನೆ ಬರುತ್ತದೆ. ಅದನ್ನು ನೋಡಿ ಸದ್ಯ ಏನೂ ಇಲ್ಲ ಎಂದು ನಿಟ್ಟುಸಿರು ಬಿಡಬೇಡಿ. ತಿದ್ದುಪಡಿ ಮತ್ತು ಕನ್ಸರ್ನ್‌ಗೆ ಆಯಾ ಪೇಪರಿನ ಪುಟವನ್ನೇ ತೆರೆಯಬೇಕು.

ಎಲ್ಲ ವಿಷಯಗಳಿಗೂ: ರಿಟ್ರಾಕ್ಷನ್ ವಾಚ್ ಮತ್ತು ಕ್ರಾಸ್‌ರೆಫ್

ಎಂಜಿನಿಯರಿಂಗ್, ಸಮಾಜಶಾಸ್ತ್ರ, ವಾಣಿಜ್ಯದವರಿಗೆ ಪಬ್‌ಮೆಡ್ ಅಷ್ಟಾಗಿ ಉಪಯೋಗವಿಲ್ಲ. ಅವರಿಗೆ ರಿಟ್ರಾಕ್ಷನ್ ವಾಚ್ ಡೇಟಾಬೇಸ್ ಇದೆ. ಐವನ್ ಒರಾನ್ಸ್ಕಿ ಮತ್ತು ಆ್ಯಡಮ್ ಮಾರ್ಕಸ್ ಎಂಬ ಇಬ್ಬರು 2010ರಲ್ಲಿ ಶುರು ಮಾಡಿದ ಕೆಲಸದಿಂದ ಬೆಳೆದದ್ದು. 2023ರಲ್ಲಿ ಕ್ರಾಸ್‌ರೆಫ್ ಇದನ್ನು ಕೊಂಡು ಎಲ್ಲರಿಗೂ ಉಚಿತವಾಗಿ ಬಿಟ್ಟಿತು. ಪ್ರಕಾಶಕರು ಹೇಳುವವರೆಗೆ ಕಾಯದೆ ಜನ ಕೂತು ಹುಡುಕಿ ಸೇರಿಸಿದ ಪಟ್ಟಿ ಇದು. ಪ್ರಕಾಶಕರು ಕ್ರಾಸ್‌ರೆಫ್‌ಗೆ ತಿಳಿಸದ ಎಷ್ಟೋ ವಾಪಸಾತಿಗಳು ಇಲ್ಲಿ ಸಿಗುತ್ತವೆ.

`retractiondatabase.org`ನಲ್ಲಿ ಡಿಒಐ ಹಾಕಿ ಹುಡುಕಬಹುದು. ಸಿಗದಿದ್ದರೆ ಲೇಖಕರ ಹೆಸರು ಮತ್ತು ಶೀರ್ಷಿಕೆಯ ಒಂದೆರಡು ಪದ ಹಾಕಿ ಮತ್ತೊಮ್ಮೆ ಹುಡುಕಿ, ಯಾಕೆಂದರೆ ಕೆಲವು ಹಳೆಯ ಪೇಪರುಗಳಿಗೆ ಡಿಒಐ ಇರುವುದೇ ಇಲ್ಲ. ಫಲಿತಾಂಶದಲ್ಲಿ ನೋಟೀಸಿನ ಬಗೆ, ದಿನಾಂಕ, ಕಾರಣ ಎಲ್ಲ ಇರುತ್ತವೆ. ಒಂದು ವಿಷಯ ಮಾತ್ರ ನೆನಪಿರಲಿ. ಇದು ವಾಪಸಾತಿಗಳ ಪಟ್ಟಿ. ಕನ್ಸರ್ನ್ ನೋಟೀಸು ಮತ್ತು ತಿದ್ದುಪಡಿಗಳು ಇದರಲ್ಲಿ ಇವೆ, ಆದರೆ ಪೂರ್ತಿಯಾಗಿ ಇಲ್ಲ.

ಕ್ರಾಸ್‌ರೆಫ್‌ನ ದಾಖಲೆಯನ್ನು ನೇರವಾಗಿಯೂ ಕೇಳಬಹುದು. ಪ್ರೋಗ್ರಾಮಿಂಗ್ ಗೊತ್ತಿರಬೇಕಿಲ್ಲ, ಈ ವಿಳಾಸವನ್ನು ಬ್ರೌಸರಿನಲ್ಲಿ ಹಾಕಿದರೆ ಸಾಕು:

```
https://api.crossref.org/works?filter=updates:10.1016/S0140-6736(20)31180-6
```

ಈ ಪೇಪರಿನ ಮೇಲೆ ಬಂದ ನೋಟೀಸುಗಳನ್ನು ತೋರಿಸು ಎಂದು ಇದು ಕೇಳುತ್ತದೆ. ಉತ್ತರ ನೋಡಲು ಗೋಜಲು ಗೋಜಲಾಗಿರುತ್ತದೆ. ಅದರಲ್ಲಿ `update-to` ಎಂಬ ಭಾಗ ಹುಡುಕಿ. ಅದರ ಕೆಳಗೆ `type` ಎಂದಿರುವ ಕಡೆ `retraction`, `correction`, `erratum` ಅಥವಾ `expression_of_concern` ಎಂದಿರುತ್ತದೆ. `source` ಎಂದಿರುವ ಕಡೆ `publisher` ಇದ್ದರೆ ಪ್ರಕಾಶಕರೇ ತಿಳಿಸಿದ್ದು, `retraction-watch` ಇದ್ದರೆ ಆ ಪಟ್ಟಿಯಿಂದ ಬಂದದ್ದು. `total-results` ಸೊನ್ನೆ ಇದ್ದರೆ ಯಾರೂ ಏನೂ ತಿಳಿಸಿಲ್ಲ ಎಂದಷ್ಟೇ ಅರ್ಥ. ಪೇಪರ್ ಶುದ್ಧ ಎಂದಲ್ಲ.

ಇನ್ನೂರು ಉಲ್ಲೇಖಗಳಿದ್ದರೆ

ಪಿಎಚ್‌.ಡಿ ಪ್ರಬಂಧದ ಉಲ್ಲೇಖ ಪಟ್ಟಿಯನ್ನು ಹೀಗೆ ಒಂದೊಂದಾಗಿ ಮೂರು ಕಡೆ ನೋಡುತ್ತ ಕೂರಲು ಯಾರಿಗೆ ಪುರುಸೊತ್ತು? ಇದಕ್ಕೆ ಜೊಟೆರೊ ಇದೆ. ಉಲ್ಲೇಖಗಳನ್ನು ಕೂಡಿಸಿಡುವ ಉಚಿತ ತಂತ್ರಾಂಶ. 2019ರಿಂದ ರಿಟ್ರಾಕ್ಷನ್ ವಾಚ್ ಪಟ್ಟಿಯ ಜೊತೆ ನಿಮ್ಮ ಸಂಗ್ರಹವನ್ನು ತಾನೇ ಹೋಲಿಸಿ ನೋಡುತ್ತದೆ. ವಾಪಸಾದ ಪೇಪರ್ ಸಿಕ್ಕರೆ ಅದರ ಮೇಲೆ ಕೆಂಪು ಪಟ್ಟಿ ಬರುತ್ತದೆ. ಎಡಗಡೆ `Retracted Items` ಎಂಬ ಗುಂಪಿನಲ್ಲೂ ಅದು ಕಾಣುತ್ತದೆ. ವರ್ಡ್‌ನಲ್ಲಿ ಜೊಟೆರೊ ಮೂಲಕ ಅದನ್ನು ಸೈಟ್ ಮಾಡಲು ಹೊರಟರೆ ತಡೆದು ಕೇಳುತ್ತದೆ.

ಲ್ಯಾನ್ಸೆಟ್ ಪೇಪರಿನ ಡಿಒಐ ಸೇರಿಸಿ ನೋಡಿ. ಕೆಂಪು ಪಟ್ಟಿ ಬಂದರೆ ನಿಮ್ಮ ಜೊಟೆರೊ ಸರಿಯಾಗಿ ಕೆಲಸ ಮಾಡುತ್ತಿದೆ ಎಂದರ್ಥ. ಬರದಿದ್ದರೆ ನೆಟ್ ಅಥವಾ ಹಳೆಯ ಆವೃತ್ತಿಯ ಸಮಸ್ಯೆ ಇರಬಹುದು.

ಜೊಟೆರೊ ಗುರುತು ಹಿಡಿಯುವುದು ಡಿಒಐ ಅಥವಾ ಪಬ್‌ಮೆಡ್ ಸಂಖ್ಯೆಯಿಂದ. ಕೈಯಲ್ಲಿ ಟೈಪ್ ಮಾಡಿ ಸೇರಿಸಿದ, ಡಿಒಐ ಜಾಗ ಖಾಲಿ ಬಿಟ್ಟ ಪೇಪರುಗಳನ್ನು ಅದು ಸುಮ್ನೆ ದಾಟಿಕೊಂಡು ಹೋಗುತ್ತದೆ. ಆದ್ದರಿಂದ ಪಟ್ಟಿಯಲ್ಲಿ ಡಿಒಐ ಇಲ್ಲದವು ಯಾವುವು ಎಂದು ಬೇರೆ ಮಾಡಿ, ಅವನ್ನು ಮಾತ್ರ ಕೈಯಲ್ಲಿ ಹುಡುಕಿ. ತಿದ್ದುಪಡಿ ಮತ್ತು ಕನ್ಸರ್ನ್ ವಿಷಯಕ್ಕೆ ಜೊಟೆರೊ ನಂಬಿ ಕೂರುವಂತಿಲ್ಲ. ಅವಕ್ಕೆ ನನ್ನ ಸಲಹೆ ಇಷ್ಟೇ: ನಿಮ್ಮ ವಾದ ನಿಂತಿರುವ ಹತ್ತಿಪ್ಪತ್ತು ಪೇಪರುಗಳನ್ನು ಆರಿಸಿ, ಅವುಗಳ ಪುಟಗಳನ್ನು ಒಂದೊಂದಾಗಿ ತೆರೆಯಿರಿ. ಪೀಠಿಕೆಯಲ್ಲಿ ಸಾಲಾಗಿ ಬರುವ ಉಳಿದವಕ್ಕೆ ಜೊಟೆರೊ ಸಾಕು. ಹಾಗೇ, ಪ್ಲೇಜಿಯರಿಸಂ ತಂತ್ರಾಂಶದ ವರದಿ ಬಂದಿದೆ, ಇನ್ನೇನು ನೋಡುವುದು ಎನ್ನುವವರಿದ್ದಾರೆ. ಅದು ನೋಡುವುದು ನಕಲು. ಉಲ್ಲೇಖದ ಆರೋಗ್ಯ ಅದರ ಕೆಲಸವಲ್ಲ.

ನೋಟೀಸು ಸಿಕ್ಕಿತು. ಓದಿ

ಎಲ್ಲಕ್ಕಿಂತ ಮುಖ್ಯ ಕೆಲಸ ಇದು. ಜನ ಬಿಟ್ಟುಬಿಡುವುದೂ ಇದನ್ನೇ. ನೋಟೀಸಿನ ಹಣೆಪಟ್ಟಿ ನೋಡಿ ತೀರ್ಮಾನಕ್ಕೆ ಬರುತ್ತಾರೆ: ತಿದ್ದುಪಡಿಯಾ, ಹಾಗಾದರೆ ಪರವಾಗಿಲ್ಲ. ನಮ್ಮ ಪೇಪರಿನ ತಿದ್ದುಪಡಿಯನ್ನೇ ತೆಗೆದುಕೊಳ್ಳಿ.

ಆಸ್ಟ್ರೇಲಿಯಾದ ಐದು ಆಸ್ಪತ್ರೆಗಳಲ್ಲಿ ಏಪ್ರಿಲ್ 21ರವರೆಗೆ 73 ಸಾವು ಎಂದು ಪೇಪರ್ ಹೇಳಿತ್ತು. ಆದರೆ ಜಾನ್ಸ್ ಹಾಪ್ಕಿನ್ಸ್ ಲೆಕ್ಕದಲ್ಲಿ ಆ ದಿನದವರೆಗೆ ಇಡೀ ಆಸ್ಟ್ರೇಲಿಯಾದಲ್ಲೇ ಸತ್ತವರು 67 ಮಂದಿ. ದೇಶದ ಒಟ್ಟು ಸಾವಿಗಿಂತ ಐದು ಆಸ್ಪತ್ರೆಗಳ ಸಾವು ಹೆಚ್ಚು! ಗಾರ್ಡಿಯನ್ ಪತ್ರಿಕೆ ಇದನ್ನು ಎತ್ತಿ ತೋರಿಸಿತು. ಆಮೇಲೆ ಬಂದ ತಿದ್ದುಪಡಿ, ಏಷ್ಯಾದ ಒಂದು ಆಸ್ಪತ್ರೆ ತಪ್ಪಾಗಿ ಆ ಗುಂಪಿಗೆ ಸೇರಿತ್ತು ಎಂದಿತು. ಅನುಬಂಧದ ಒಂದು ಕೋಷ್ಟಕವನ್ನೂ ಬದಲಿಸಿತು. ಪೇಪರಿನ ತೀರ್ಮಾನಗಳಲ್ಲಿ ಬದಲಾವಣೆ ಇಲ್ಲ ಎಂದೂ ಹೇಳಿತು.

ಆ ಹೊತ್ತಿಗೆ ಈ ಪೇಪರನ್ನು ಸೈಟ್ ಮಾಡಬೇಕಿದ್ದವರು ಆ ಕೊನೆಯ ಸಾಲು ಓದಿ ನಿರಾಳವಾಗಬಹುದಿತ್ತು. ಆದರೆ ಬೇರೆ ಪ್ರಶ್ನೆ ಕೇಳಬಹುದಿತ್ತು: ಆಸ್ಪತ್ರೆ ಯಾವ ಖಂಡದ್ದು ಎಂಬುದೇ ತಪ್ಪಾಗಬಹುದಾದ ಡೇಟಾಬೇಸಿನಲ್ಲಿ ಉಳಿದದ್ದನ್ನು ಯಾರು ಪರೀಕ್ಷಿಸಿದ್ದಾರೆ? ಅಷ್ಟು ಹೊತ್ತಿಗಾಗಲೇ ನೂರಕ್ಕೂ ಹೆಚ್ಚು ಸಂಶೋಧಕರು ಬಹಿರಂಗ ಪತ್ರದಲ್ಲಿ ಇದನ್ನೇ ಕೇಳಿದ್ದರು. ತಿದ್ದುಪಡಿ ಓದುವಾಗ ನೋಡಬೇಕಾದ್ದು ತಪ್ಪು ಎಂಥದ್ದು ಎಂಬುದನ್ನು. ಲೇಖಕರ ಹೆಸರಿನ ಕಾಗುಣಿತವೋ, ಅನುದಾನದ ಸಂಖ್ಯೆಯೋ ಆದರೆ ಮುಂದೆ ಹೋಗಿ. ಸಂಖ್ಯೆ, ಕೋಷ್ಟಕ, ಚಿತ್ರ ಬದಲಾಗಿದ್ದರೆ, ನೀವು ಎತ್ತಿಕೊಂಡಿರುವ ಅಂಕಿ ಅದೇನಾ ಎಂದು ನೋಡಿ. ಹೌದಾದರೆ ಹೊಸ ಅಂಕಿ ಹಾಕಿ, ತಿದ್ದುಪಡಿಯನ್ನೂ ಉಲ್ಲೇಖಿಸಿ.

ವಾಪಸಾತಿ ನೋಟೀಸಿನಲ್ಲಿ ಎರಡು ವಿಷಯ ಹುಡುಕಿ: ಯಾರು ವಾಪಸ್ ಪಡೆದರು, ಯಾಕೆ. ಇಲ್ಲಿ ನಾಲ್ವರು ಲೇಖಕರಲ್ಲಿ ಮೂವರು ಸಹಿ ಹಾಕಿದ್ದಾರೆ. ಡೇಟಾ ಕೊಟ್ಟ ಸರ್ಜಿಸ್ಫಿಯರ್ ಕಂಪನಿಯ ಸ್ಥಾಪಕರೇ ಆದ ನಾಲ್ಕನೆಯವರ ಸಹಿ ಇಲ್ಲ. ಹೊರಗಿನವರ ಪರಿಶೀಲನೆಗೆ ಕಂಪನಿ ಪೂರ್ತಿ ಡೇಟಾ ಕೊಡಲಿಲ್ಲ, ಹಾಗಾಗಿ ಮೂಲ ಡೇಟಾ ನಿಜವೆಂದು ನಾವು ಇನ್ನು ಭರವಸೆ ಕೊಡಲಾರೆವು ಎಂಬುದು ಕಾರಣ. ಅಂದರೆ ಪೇಪರಿನ ಯಾವ ಭಾಗವನ್ನೂ ಉಳಿಸಿಕೊಳ್ಳುವಂತಿಲ್ಲ. ಎಲ್ಲ ವಾಪಸಾತಿಯೂ ಹೀಗಿರುವುದಿಲ್ಲ. ಲೆಕ್ಕದಲ್ಲಿ ತಪ್ಪಾಯಿತು ಎಂದು ಲೇಖಕರೇ ಮುಂದೆ ಬಂದು ಹಿಂದೆ ಪಡೆಯುವುದುಂಟು. ಪ್ರಕಾಶಕರೇ ತಪ್ಪಿ ಎರಡು ಸಲ ಅಚ್ಚು ಮಾಡಿ ಒಂದನ್ನು ತೆಗೆಯುವುದೂ ಉಂಟು. ಆಗ ಇನ್ನೊಂದು ಪ್ರತಿಯನ್ನು ಸೈಟ್ ಮಾಡಿದರಾಯಿತು.

ಕನ್ಸರ್ನ್ ನೋಟೀಸು ಇವೆರಡರ ನಡುವಿನದು. ವಿಚಾರಣೆ ಮುಗಿದಿಲ್ಲ. ಮುಗಿಯದೆ ವರ್ಷಗಟ್ಟಲೆ ಹಾಗೇ ಉಳಿಯಲೂಬಹುದು. ನನ್ನ ಅಭಿಪ್ರಾಯದಲ್ಲಿ, ಅಂಥ ಪೇಪರ್ ಒಂದನ್ನೇ ನಂಬಿ ಯಾವ ಮಾತನ್ನೂ ಬರೆಯಬಾರದು. ಬೇರೆ ಆಧಾರ ಸಿಕ್ಕರೆ ಅದನ್ನು ಬಳಸಿ. ಸೈಟ್ ಮಾಡಲೇಬೇಕಾದರೆ ನೋಟೀಸು ಇದೆ ಎಂದು ಅದೇ ವಾಕ್ಯದಲ್ಲಿ ಹೇಳಿ.

ವಾಪಸಾದದ್ದನ್ನೇ ಸೈಟ್ ಮಾಡಬೇಕಾದಾಗ

ಈ ಲೇಖನದಂತೆ, ವಾಪಸಾತಿಯ ಬಗ್ಗೆಯೇ ಬರೆಯುವಾಗ ಸೈಟ್ ಮಾಡದೆ ವಿಧಿಯಿಲ್ಲ. ಆಗ ಉಲ್ಲೇಖದಲ್ಲೇ ಗುರುತು ಹಾಕಿ:

```
Mehra MR, et al. RETRACTED: Hydroxychloroquine or chloroquine
with or without a macrolide for treatment of COVID-19: a
multinational registry analysis. Lancet. 2020.
doi:10.1016/S0140-6736(20)31180-6.
Retraction in: Lancet. 2020;395(10240):1820.
```

ಪಟ್ಟಿಯಲ್ಲಿ ಹಾಕಿದರೆ ಸಾಲದು. ಪಠ್ಯದೊಳಗೂ ‘ನಂತರ ವಾಪಸ್ ಪಡೆದ ಅಧ್ಯಯನ’ ಎಂದು ಬರೆಯಿರಿ. ಉಲ್ಲೇಖ ಪಟ್ಟಿಯನ್ನು ಕೊನೆಯವರೆಗೆ ಓದುವವರು ಎಷ್ಟು ಜನ, ಅಲ್ವಾ?

ಒಂದು ಹೆಜ್ಜೆ ಹಿಂದಿನದು

ನೀವು ಸೈಟ್ ಮಾಡುವ ರಿವ್ಯೂ ಅಥವಾ ಮೆಟಾ ಅನಾಲಿಸಿಸ್ ಒಳಗೇ ವಾಪಸಾದ ಪೇಪರ್ ಅಡಗಿರಬಹುದು. ಆ ರಿವ್ಯೂ ಮೇಲೆ ಯಾವ ಗುರುತೂ ಇರುವುದಿಲ್ಲ. ಮುಖ್ಯವಾದ ಮೆಟಾ ಅನಾಲಿಸಿಸ್ ಆದರೆ, ಅದು ಒಳಗೊಂಡ ಅಧ್ಯಯನಗಳ ಕೋಷ್ಟಕ ತೆಗೆದು, ಅವುಗಳ ಡಿಒಐಗಳನ್ನು ಜೊಟೆರೊದಲ್ಲಿ ಬೇರೆಯೇ ಒಂದು ಗುಂಪಾಗಿ ಸೇರಿಸಿ. ಕೆಂಪು ಪಟ್ಟಿ ಬಿದ್ದ ಅಧ್ಯಯನದ ತೂಕ ಎಷ್ಟು ಎಂದು ಅದರ ಫಾರೆಸ್ಟ್ ಪ್ಲಾಟ್ ನಕ್ಷೆಯಲ್ಲಿ ನೋಡಿ. ಎರಡು ಶೇಕಡಾ ತೂಕದ ಅಧ್ಯಯನ ಹೋದರೆ ತೀರ್ಮಾನ ಅಲುಗಾಡಲಿಕ್ಕಿಲ್ಲ. ನಲವತ್ತು ಶೇಕಡಾ ಆದರೆ ಆ ರಿವ್ಯೂ ಬಿಟ್ಟುಬಿಡಿ.

ಪತ್ರಿಕೆಯಲ್ಲಿ ಬರುವ ಮೊದಲೇ ನೆಟ್‌ಗೆ ಏರಿಸಿದ ಪೇಪರುಗಳು, ಅಂದರೆ ಪ್ರಿಪ್ರಿಂಟ್‌ಗಳದ್ದು ಇನ್ನೊಂದು ತಲೆನೋವು. ಸರ್ಜಿಸ್ಫಿಯರ್ ಡೇಟಾ ಬಳಸಿದ ಐವರ್‌ಮೆಕ್ಟಿನ್ ಪ್ರಿಪ್ರಿಂಟ್ ಒಂದು ಎಸ್‌ಎಸ್‌ಆರ್‌ಎನ್ ತಾಣದಲ್ಲಿತ್ತು. ಅದನ್ನು ತೆಗೆದುಹಾಕಿದರು. ಪತ್ರಿಕೆಯ ಪೇಪರಿಗೆ ಬರುವಂಥ ವಾಪಸಾತಿ ನೋಟೀಸು ಪ್ರಿಪ್ರಿಂಟಿಗೆ ಬರಲೇಬೇಕೆಂದಿಲ್ಲ. ಪ್ರಿಪ್ರಿಂಟ್ ಸೈಟ್ ಮಾಡುವುದಾದರೆ ಅದರ ಪುಟ ಇನ್ನೂ ತೆರೆಯುತ್ತಿದೆಯೇ, ಮೇಲೆ `Withdrawn` ಎಂದಿದೆಯೇ, ಹೊಸ ಆವೃತ್ತಿ ಬಂದಿದೆಯೇ ಎಂದು ಕೈಯಾರೆ ನೋಡಲೇಬೇಕು.

ಯಾವಾಗ ನೋಡುವುದು

ಒಮ್ಮೆ ನೋಡಿದರೆ ಮುಗಿಯಿತು ಎನ್ನುವಂತಿಲ್ಲ. ಇದೇ ಔಷಧದ ಇನ್ನೊಂದು ಪೇಪರ್ ನೋಡಿ. ಫ್ರಾನ್ಸಿನ ಮಾರ್ಸೇಯಿಂದ 2020ರ ಮಾರ್ಚ್‌ನಲ್ಲಿ ಬಂದ, ಹೈಡ್ರಾಕ್ಸಿಕ್ಲೋರೋಕ್ವಿನ್ ಫಲ ಕೊಡುತ್ತದೆ ಎಂದ 36 ರೋಗಿಗಳ ಅಧ್ಯಯನ. ಅದು ತಾನು ನಿರೀಕ್ಷಿಸುವ ಗುಣಮಟ್ಟಕ್ಕೆ ಇಲ್ಲ ಎಂದು ಪತ್ರಿಕೆಯ ಹಿಂದಿರುವ ವಿದ್ವತ್ ಸಂಘವೇ ಏಪ್ರಿಲ್‌ನಲ್ಲಿ ಹೇಳಿತು. ಆದರೂ ಪೇಪರ್ ವಾಪಸಾದದ್ದು 2024ರ ಡಿಸೆಂಬರ್‌ನಲ್ಲಿ. ನಡುವಿನ ನಾಲ್ಕೂವರೆ ವರ್ಷಕ್ಕೂ ಹೆಚ್ಚು ಕಾಲ ವಾಪಸಾತಿಯ ಯಾವ ಪಟ್ಟಿಯಲ್ಲೂ ಅದು ಇರಲು ಸಾಧ್ಯವಿರಲಿಲ್ಲ. ಇಂಥ ಅಂತರದಲ್ಲಿ ನೆರವಾಗುವುದು ಪಬ್‌ಪಿಯರ್ ತಾಣ. ಅಲ್ಲಿ ಡಿಒಐ ಹಾಕಿದರೆ ಓದುಗರು ಎತ್ತಿದ ತಕರಾರುಗಳು ಸಿಗುತ್ತವೆ. ಅವು ತೀರ್ಪಲ್ಲ, ಕೆಲವು ಬರೀ ಜಗಳ. ಚಿತ್ರ ನಕಲಾಗಿದೆ, ಅಂಕಿ ಕೂಡಿ ಬರುವುದಿಲ್ಲ ಎಂಬಂಥ, ನೀವೇ ಪರೀಕ್ಷಿಸಬಹುದಾದ ಮಾತುಗಳಿಗೆ ಕಿವಿಗೊಡಿ.

ಹಾಗಾಗಿ ಪೇಪರನ್ನು ಸಂಗ್ರಹಕ್ಕೆ ಸೇರಿಸುವಾಗ ಒಮ್ಮೆ ನೋಡಿ. ಪತ್ರಿಕೆಗೋ ವಿಶ್ವವಿದ್ಯಾಲಯಕ್ಕೋ ಕಳಿಸುವ ವಾರ ಇನ್ನೊಮ್ಮೆ. ಪ್ರೂಫ್ ಬಂದಾಗ ಮತ್ತೊಮ್ಮೆ, ಯಾಕೆಂದರೆ ಕಳಿಸಿದ್ದಕ್ಕೂ ಅಚ್ಚಾಗುವುದಕ್ಕೂ ನಡುವೆ ತಿಂಗಳುಗಳೇ ಕಳೆದಿರುತ್ತವೆ. ನೋಡಿದ ದಿನಾಂಕವನ್ನು ಜೊಟೆರೊದ ನೋಟ್‌ನಲ್ಲಿ ಬರೆದಿಡಿ. ವೈವಾದಲ್ಲಿ ಯಾರಾದರೂ ಕೇಳಿದರೆ ತೋರಿಸಬಹುದು.

ನಿಮ್ಮ ಲೇಖನ ಅಚ್ಚಾದ ಮೇಲೆ ಅದರ ಆಧಾರವೊಂದು ವಾಪಸಾದರೆ, ಆ ಉಲ್ಲೇಖವನ್ನು ತೆಗೆದು ನಿಮ್ಮ ವಾಕ್ಯವನ್ನು ಮತ್ತೆ ಓದಿ. ವಾಕ್ಯ ಬೇರೆ ಆಧಾರಗಳ ಮೇಲೆ ನಿಲ್ಲುತ್ತದಾದರೆ ಗಾಬರಿ ಬೇಡ. ನಿಲ್ಲದಿದ್ದರೆ ಸಂಪಾದಕರಿಗೆ ಎರಡೂ ಡಿಒಐ ಕೊಟ್ಟು, ಯಾವ ಪುಟದ ಯಾವ ಮಾತಿಗೆ ಪೆಟ್ಟು ಬಿದ್ದಿದೆ ಎಂದು ತಿಳಿಸಿ, ತಿದ್ದುಪಡಿ ಹಾಕಲು ಕೇಳಿ.